ಬಿಎನ್‌ಪಿ ಮಾಡಿಸಬೇಕೋ, ಎನ್‌ಟಿ-ಪ್ರೊಬಿಎನ್‌ಪಿ ಮಾಡಿಸಬೇಕೋ? ಹಾರ್ಟ್ ಫೇಲ್ಯೂರ್ ಇರುವ ಮನೆಯವರಿಗೆ

ಇಳಕಲ್ಲಿನ ಕಾಕಾ ಒಬ್ಬರು ಮಗನ ಜೊತೆ ಬಾಗಲಕೋಟೆಯ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ವಯಸ್ಸು 64. ಜೀವನವೆಲ್ಲ ಕುಣಿ ಮಗ್ಗದಲ್ಲಿ ಕೂತು ಸೀರೆ ನೇಯ್ದವರು. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಆಮೇಲೆ ಹೃದಯದ ಪಂಪಿಂಗ್ ನೂರಕ್ಕೆ 30ಕ್ಕೆ ಇಳಿದಿತ್ತು. ಎರಡು ತಿಂಗಳ ಹಿಂದೆ ನಾನು ಅವರ ರಾಮಿಪ್ರಿಲ್ ಬಿಡಿಸಿ, ಸ್ಯಾಕುಬಿಟ್ರಿಲ್-ವಾಲ್ಸಾರ್ಟನ್ ಶುರು ಮಾಡಿದ್ದೆ.

ಮಗ ಎರಡು ರಿಪೋರ್ಟ್‌ಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಹೃದಯದ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ಹೇಳುವ ರಕ್ತಪರೀಕ್ಷೆ ಬಿಎನ್‌ಪಿ, ಗುಳಿಗೆ ಬದಲಿಸುವ ಮುಂಚೆ 420. ಈಗ 610. ಎರಡನೆಯದರ ಮುಂದೆ ದಪ್ಪ ಅಕ್ಷರದಲ್ಲಿ ‘H’ ಎಂದು ಮುದ್ರಿಸಿತ್ತು. ಅದರ ಸುತ್ತ ಮಗ ಪೆನ್ನಿನಿಂದ ಒಂದು ಸುತ್ತು ಹಾಕಿದ್ದ.

“ಡಾಕ್ಟ್ರ, ಹೊಸ ಗುಳಿಗಿ ತಗೊಂಡ ಮ್ಯಾಲೆ ನಂಬರ್ ಏರೇತ್ರಿ. ಹಾರ್ಟ್ ಇನ್ನೂ ಕೆಟ್ಟೈತಿ ಅಂತ ಅಲ್ಲೇನ್ರಿ? ಅದಕ್ಕ ಮೂರ್ ದಿನ ಆತು, ನಾನ ಗುಳಿಗಿ ಬಂದ್ ಮಾಡ್ಸೀನಿ.”

ಮಗನದು ತಪ್ಪು ಅನ್ನಲಾರೆ. ಸಂಖ್ಯೆ ಏರಿದರೆ ಕಾಯಿಲೆ ಏರಿತು ಎಂದೇ ಯಾರಾದರೂ ಓದುತ್ತಾರೆ. ಆದರೆ ಈ ಗುಳಿಗೆ ತೆಗೆದುಕೊಳ್ಳುವವರಲ್ಲಿ ಬಿಎನ್‌ಪಿಯನ್ನು ಹಾಗೆ ಓದುವಂತಿಲ್ಲ. ಅವರಿಗೆ ಆಗಬೇಕಿದ್ದ ಪರೀಕ್ಷೆಯೇ ಬೇರೆ. ಎರಡರ ಹೆಸರೂ ಒಂದೇ ಥರ ಕೇಳಿಸುವುದರಿಂದ ಈ ಗೊಂದಲ ನಮ್ಮ ಕಡೆ ವಾರಕ್ಕೊಮ್ಮೆಯಾದರೂ ಆಗುತ್ತದೆ.

ಒಂದೇ ತುಂಡಿನ ಎರಡು ಚೂರು

ಹೃದಯದ ಕೆಳಗಿನ ಕೋಣೆಗಳ ಗೋಡೆಯ ಮೇಲೆ ಒತ್ತಡ ಬಿದ್ದು ಅದು ಎಳೆದಂತಾದಾಗ, ಅಲ್ಲಿಯ ಸ್ನಾಯು ಪ್ರೊಬಿಎನ್‌ಪಿ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಅದು ಎರಡಾಗಿ ತುಂಡಾಗುತ್ತದೆ. 32 ಅಮೈನೋ ಆಮ್ಲಗಳ ಚಿಕ್ಕ ಚೂರು ಬಿಎನ್‌ಪಿ. 76ರ ದೊಡ್ಡ ಚೂರು ಎನ್‌ಟಿ-ಪ್ರೊಬಿಎನ್‌ಪಿ. ಕೆಲಸ ಮಾಡುವುದು ಚಿಕ್ಕದು ಮಾತ್ರ. ರಕ್ತನಾಳ ಸಡಿಲಿಸುತ್ತದೆ, ಮೂತ್ರದಲ್ಲಿ ಉಪ್ಪು-ನೀರು ಹೊರಗೆ ಹಾಕಿಸುತ್ತದೆ. ಅಂದರೆ ಹೃದಯ ತನ್ನ ಭಾರವನ್ನು ತಾನೇ ಇಳಿಸಿಕೊಳ್ಳಲು ನೋಡುತ್ತಿದೆ. ದೊಡ್ಡ ಚೂರಿಗೆ ಯಾವ ಕೆಲಸವೂ ಇಲ್ಲ. ಸುಮ್ನೆ ರಕ್ತದಲ್ಲಿ ಓಡಾಡಿಕೊಂಡಿರುತ್ತದೆ.

ಹುಟ್ಟುವಾಗ ಎರಡೂ ಸಮ ಸಮ. ವ್ಯತ್ಯಾಸ ಇರುವುದೆಲ್ಲ ಅವು ರಕ್ತದಿಂದ ಹೋಗುವ ದಾರಿಯಲ್ಲಿ. ಬಿಎನ್‌ಪಿಯನ್ನು ಹಿಡಿದು ಒಳಗೆಳೆಯುವ ರಿಸೆಪ್ಟರ್‌ಗಳಿವೆ, ಕತ್ತರಿಸುವ ನೆಪ್ರಿಲೈಸಿನ್ ಎಂಬ ಕಿಣ್ವವಿದೆ. ಹಾಗಾಗಿ ಸುಮಾರು 20 ನಿಮಿಷದಲ್ಲಿ ಅದು ಅರ್ಧಕ್ಕರ್ಧ ಕರಗುತ್ತದೆ. ಎನ್‌ಟಿ-ಪ್ರೊಬಿಎನ್‌ಪಿಯನ್ನು ಈ ಕಿಣ್ವ ಮುಟ್ಟುವುದಿಲ್ಲ. ಅದು ಮೂತ್ರಪಿಂಡದಂಥ, ರಕ್ತ ಜಾಸ್ತಿ ಹರಿಯುವ ಅಂಗಗಳ ಮೂಲಕ ನಿಧಾನವಾಗಿ ಹೋಗುತ್ತದೆ. ಅರ್ಧ ಆಗಲು ಒಂದರಿಂದ ಎರಡು ಗಂಟೆ ಬೇಕು. ಅದಕ್ಕೇ ರಕ್ತದಲ್ಲಿ ಅದರ ಸಂಖ್ಯೆ ಯಾವಾಗಲೂ ದೊಡ್ಡದಿರುತ್ತದೆ.

ಆದ್ದರಿಂದ ಒಂದರ ಸಂಖ್ಯೆಯನ್ನು ಇನ್ನೊಂದರ ಜೊತೆ ಇಟ್ಟು ನೋಡಬಾರದು. “ಹೋದ ಸಲ 420 ಇತ್ತು, ಈ ಸಲ 1,450 ಆಗಿದೆ” ಎಂದು ಗಾಬರಿಯಾಗಿ ಬಂದವರ ರಿಪೋರ್ಟ್ ನೋಡಿದರೆ, ಒಂದು ಬಿಎನ್‌ಪಿ, ಇನ್ನೊಂದು ಎನ್‌ಟಿ-ಪ್ರೊಬಿಎನ್‌ಪಿ. ಇಷ್ಟರಿಂದ ಗುಣಿಸಿದರೆ ಇಷ್ಟಾಗುತ್ತದೆ ಎಂಬ ನಂಬುವಂಥ ಲೆಕ್ಕ ಇಲ್ಲ. ಒಬ್ಬೊಬ್ಬರ ವಯಸ್ಸು, ಕಿಡ್ನಿ, ತೂಕ ನೋಡಿ ಅದು ಬದಲಾಗುತ್ತದೆ.

ಎಷ್ಟಿದ್ದರೆ ಏನು?

ಈ ಎರಡೂ ಪರೀಕ್ಷೆಗಳ ಬಲ ಇರುವುದು “ಹಾರ್ಟ್ ಫೇಲ್ಯೂರ್ ಅಲ್ಲ” ಎಂದು ಹೇಳುವುದರಲ್ಲಿ. ದಮ್ಮು ಹತ್ತಿ ಎಮರ್ಜೆನ್ಸಿಗೆ ಬಂದವರಲ್ಲಿ ಬಿಎನ್‌ಪಿ 100 ಪಿಕೊಗ್ರಾಂಗಿಂತ ಕಡಿಮೆ, ಅಥವಾ ಎನ್‌ಟಿ-ಪ್ರೊಬಿಎನ್‌ಪಿ 300ಕ್ಕಿಂತ ಕಡಿಮೆ ಇದ್ದರೆ, ಆ ದಮ್ಮಿಗೆ ಹೃದಯ ಕಾರಣ ಇರುವ ಸಾಧ್ಯತೆ ಬಹಳ ಕಡಿಮೆ. ನಿಧಾನವಾಗಿ ತೊಂದರೆ ಶುರುವಾಗಿ ಓಪಿಡಿಗೆ ನಡೆದು ಬರುವವರಿಗೆ ಗಡಿ ಇನ್ನೂ ಕೆಳಗೆ: 35 ಮತ್ತು 125.

“ಹೌದು, ಇದು ಹೃದಯವೇ” ಎನ್ನಲು ಬೇರೆ ಗಡಿ ಇದೆ. ಎಮರ್ಜೆನ್ಸಿಯಲ್ಲಿ ಬಿಎನ್‌ಪಿ 400 ದಾಟಿದರೆ ಹೃದಯದ ಕಡೆಗೇ ವಾಲುತ್ತೇವೆ. ಎನ್‌ಟಿ-ಪ್ರೊಬಿಎನ್‌ಪಿಗೆ ವಯಸ್ಸನ್ನೂ ಸೇರಿಸಿ ನೋಡಬೇಕು: 50ರ ಒಳಗಿನವರಿಗೆ 450, 50ರಿಂದ 75ರವರೆಗೆ 900, ಅದಕ್ಕಿಂತ ದೊಡ್ಡವರಿಗೆ 1,800. ಆದರೆ ರಿಪೋರ್ಟ್‌ನ ಬಲಗಡೆ ಲ್ಯಾಬಿನವರು ಸಾಮಾನ್ಯವಾಗಿ ಒಂದೇ ಗಡಿ ಮುದ್ರಿಸಿರುತ್ತಾರೆ. 80 ದಾಟಿದ ಅಜ್ಜಿಯ ಎನ್‌ಟಿ-ಪ್ರೊಬಿಎನ್‌ಪಿ 400ರ ಮುಂದೆಯೂ ಅದೇ ‘H’ ಬೀಳುತ್ತದೆ, 40ರ ತಮ್ಮನ 400ರ ಮುಂದೆಯೂ ಅದೇ ‘H’ ಬೀಳುತ್ತದೆ. ಆ ತಮ್ಮನದ್ದು ನನಗೆ ಚಿಂತೆ ತರುತ್ತದೆ. ಅಜ್ಜಿಗೆ ಬೇರೆ ತೊಂದರೆ ಇಲ್ಲದಿದ್ದರೆ ಅಷ್ಟಿಲ್ಲ.

ಎರಡು ಗಡಿಗಳ ನಡುವೆ ಬಿದ್ದ ಸಂಖ್ಯೆ ಒಂದೇ ಏನನ್ನೂ ತೀರ್ಮಾನಿಸುವುದಿಲ್ಲ. ಅಲ್ಲಿ ಎಕೋ ಬೇಕು, ಎದೆಗೆ ಸ್ಟೆಥಸ್ಕೋಪ್ ಇಟ್ಟು ಕೇಳಬೇಕು, ಪಾದದ ಮೇಲೆ ಬೆರಳೊತ್ತಿ ಗುಳಿ ಬೀಳುತ್ತದಾ ನೋಡಬೇಕು.

ಕಾಕಾನ ಸಂಖ್ಯೆ ಏಕೆ ಏರಿತು

ಹೊಸ ಗುಳಿಗೆಯಲ್ಲಿ ಎರಡು ಔಷಧಿ ಇವೆ. ಅದರಲ್ಲಿ ಸ್ಯಾಕುಬಿಟ್ರಿಲ್‌ನ ಕೆಲಸ ನೆಪ್ರಿಲೈಸಿನ್ ಕಿಣ್ವವನ್ನು ತಡೆಯುವುದು. ಮೇಲೆ ಹೇಳಿದೆನಲ್ಲ, ಬಿಎನ್‌ಪಿಯನ್ನು ಕತ್ತರಿಸುವ ಕಿಣ್ವ ಅದೇ. ಕತ್ತರಿ ನಿಂತರೆ ಒಳ್ಳೆಯ ಕೆಲಸ ಮಾಡುವ ಇಂಥ ಚೂರುಗಳು ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತವೆ. ಔಷಧಿಯ ಉದ್ದೇಶವೇ ಅದು. ಹಾಗಾಗಿ ಹೃದಯ ಸುಧಾರಿಸುತ್ತಿದ್ದರೂ ಬಿಎನ್‌ಪಿ ಏರಬಹುದು, ಅದರಲ್ಲೂ ಮೊದಲ ಎರಡು-ಮೂರು ತಿಂಗಳಲ್ಲಿ. ಎಲ್ಲರಲ್ಲೂ ಇಷ್ಟೇ ಏರುತ್ತದೆ ಎಂದಿಲ್ಲ. ಕೆಲವರಲ್ಲಿ ಅಲ್ಲಾಡುವುದೇ ಇಲ್ಲ, ಕೆಲವರಲ್ಲಿ ಎದ್ದು ಕಾಣುತ್ತದೆ. ಎನ್‌ಟಿ-ಪ್ರೊಬಿಎನ್‌ಪಿಗೆ ಆ ಕತ್ತರಿಯ ಸಂಬಂಧವೇ ಇಲ್ಲ. ಗೋಡೆಯ ಮೇಲಿನ ಒತ್ತಡ ಇಳಿದರೆ ಅದೂ ಇಳಿಯುತ್ತದೆ. 2014ರಲ್ಲಿ ಪ್ರಕಟವಾದ ಪ್ಯಾರಡೈಮ್-ಎಚ್‌ಎಫ್ ಅಧ್ಯಯನದಲ್ಲಿ ಈ ಔಷಧಿಯನ್ನು ರಾಮಿಪ್ರಿಲ್ ಗುಂಪಿನದೇ ಆದ ಎನಲಾಪ್ರಿಲ್ ಜೊತೆ ಹೋಲಿಸಿದಾಗ ಕಂಡದ್ದೂ ಇದೇ: ಬಿಎನ್‌ಪಿ ಏರಿತು, ಎನ್‌ಟಿ-ಪ್ರೊಬಿಎನ್‌ಪಿ ಇಳಿಯಿತು, ರೋಗಿಗಳು ಹೆಚ್ಚು ಬದುಕಿದರು.

2023ರಲ್ಲಿ ಮೂಲ ಪೇಟೆಂಟ್ ಮುಗಿದ ಮೇಲೆ ಈ ಗುಳಿಗೆಯನ್ನು ನಮ್ಮಲ್ಲಿ ತುಂಬಾ ಕಂಪನಿಗಳು ತಯಾರಿಸುತ್ತಿವೆ, ಬೆಲೆ ಇಳಿದಿದೆ. ಹಾಗಾಗಿ ಸಣ್ಣ ಊರುಗಳಲ್ಲೂ ಬಹಳ ಜನ ಇದರ ಮೇಲಿದ್ದಾರೆ. ನಾನು ಈ ವಿಷಯ ಇಷ್ಟು ಬಿಡಿಸಿ ಬರೆಯುತ್ತಿರುವುದು ಅದಕ್ಕೇ.

ಕಾಕಾನನ್ನು ನಾನು ಮೊದಲು ಕೇಳಿದ್ದು ಸಂಖ್ಯೆಯ ಬಗ್ಗೆ ಅಲ್ಲ. “ಎಷ್ಟು ತಲೆದಿಂಬು ಹಾಕ್ಕೋತೀರಿ?” ಎಂದೆ. “ಮೊದಲ ಮೂರು ಬೇಕಾಗ್ತಿದ್ವು, ಈಗ ಒಂದರಿ” ಎಂದರು. ಮಗ್ಗಕ್ಕೆ ಕೂರುತ್ತೀರಾ ಎಂದರೆ, ಮಧ್ಯಾಹ್ನದವರೆಗೆ ಕೂರುತ್ತಾರಂತೆ. ಮುಂಚೆ ಕಾಲು ಊದಿ ಕುಣಿಯಲ್ಲಿ ತುಳಿಯಲಿಕ್ಕೇ ಆಗುತ್ತಿರಲಿಲ್ಲ. ತೂಕ ಎರಡು ತಿಂಗಳಲ್ಲಿ 61.5ರಿಂದ 58 ಕಿಲೋಗೆ ಇಳಿದಿತ್ತು. ಅದು ನೀರು ಹೋದ ತೂಕ. ಪಾದದ ಮೇಲೆ ಹತ್ತು ಸೆಕೆಂಡ್ ಬೆರಳೊತ್ತಿ ತೆಗೆದೆ. ಗುಳಿ ಬೀಳಲಿಲ್ಲ.

ಸುಧಾರಿಸಿದ ಮನುಷ್ಯನ ಮುಂದೆ ಕೆಟ್ಟ ಸಂಖ್ಯೆ ಇದ್ದರೆ, ಸಂಶಯ ಪಡಬೇಕಾದ್ದು ಸಂಖ್ಯೆಯನ್ನು. ಹಳೆಯ ಡಿಸ್ಚಾರ್ಜ್ ಸಮ್ಮರಿ ತೆಗೆಸಿ ನೋಡಿದೆ. ಗುಳಿಗೆ ಬದಲಿಸುವ ವಾರ ಆಸ್ಪತ್ರೆಯಲ್ಲಿ ಮಾಡಿದ ಎನ್‌ಟಿ-ಪ್ರೊಬಿಎನ್‌ಪಿ 3,150 ಎಂದಿತ್ತು. ಅವತ್ತೇ ರಕ್ತ ತೆಗೆಸಿ ಅದೇ ಪರೀಕ್ಷೆ ಮಾಡಿಸಿದೆ. ಬಂದದ್ದು 1,450. ಅರ್ಧಕ್ಕಿಂತ ಜಾಸ್ತಿ ಇಳಿದಿದೆ. ಮೂರು ದಿನ ಗುಳಿಗೆ ನಿಂತಿದ್ದರೂ ಇಷ್ಟು ಇಳಿಕೆ ಉಳಿದಿತ್ತು.

ಮಗನನ್ನು ಇನ್ನೊಂದು ಮಾತು ಕೇಳಿದೆ: “ಹೊಸದು ಬಂದ್ ಮಾಡಿ, ಮನೆಯಲ್ಲಿದ್ದ ಹಳೆಯ ರಾಮಿಪ್ರಿಲ್ ಕೊಟ್ಟಿರೇನು?” ಇಲ್ಲ ಎಂದ. ನನಗೆ ಜೀವ ಬಂದಂತಾಯಿತು. ರಾಮಿಪ್ರಿಲ್‌ಗೂ ಈ ಗುಳಿಗೆಗೂ ನಡುವೆ ಕನಿಷ್ಠ 36 ಗಂಟೆ ಬಿಡುವಿರಬೇಕು. ಇಲ್ಲದಿದ್ದರೆ ತುಟಿ, ನಾಲಿಗೆ, ಗಂಟಲು ಊದಿಕೊಂಡು ಉಸಿರೇ ಕಟ್ಟಬಹುದು. ತಪ್ಪಾಗಿ ಓದಿದ ಒಂದು ರಿಪೋರ್ಟ್‌ನಿಂದ ಅಲ್ಲಿಯವರೆಗೂ ಹೋಗುವ ದಾರಿ ಇತ್ತು.

ಆದ್ದರಿಂದ ಇಲ್ಲಿ ಆಯ್ಕೆ ಸ್ಪಷ್ಟ. ಈ ಗುಳಿಗೆ ಮೇಲಿದ್ದರೆ ಎನ್‌ಟಿ-ಪ್ರೊಬಿಎನ್‌ಪಿ ಮಾತ್ರ. ಗುಳಿಗೆ ಶುರು ಮಾಡುವ ಮುಂಚೆಯೇ ಒಂದು ಸಲ ಮಾಡಿಸಿಟ್ಟರೆ ಮುಂದೆ ಹೋಲಿಸಲು ಒಂದು ಬುಡ ಸಿಗುತ್ತದೆ.

ರಕ್ತ ಎಲ್ಲಿ ತೆಗೆದರು, ಎಲ್ಲಿ ಪರೀಕ್ಷಿಸಿದರು?

ನಮ್ಮ ಕಡೆ ಈ ಪ್ರಶ್ನೆ ಬಹಳ ಮುಖ್ಯ. ಇಂಡಿ, ಮುದ್ದೇಬಿಹಾಳ, ಬೀಳಗಿ, ಹುನಗುಂದ ಕಡೆಯಿಂದ ರಕ್ತದ ಟ್ಯೂಬ್‌ಗಳು ವಿಜಯಪುರಕ್ಕೋ ಬಾಗಲಕೋಟೆಗೋ ಬೆಳಗಾವಿಗೋ ಹೋಗುತ್ತವೆ. ಕೆಲವು ಇನ್ನೂ ದೂರ ಹೋಗುತ್ತವೆ.

ಟ್ಯೂಬಿನೊಳಗೂ ಬಿಎನ್‌ಪಿ ಕರಗುತ್ತಲೇ ಇರುತ್ತದೆ. ಅದಕ್ಕೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬೇ ಬೇಕು, ಅದೂ ಪ್ಲಾಸ್ಟಿಕ್ಕಿನದು. ಗಾಜಿಗೆ ತಾಗಿದರೆ ಬೇಗ ಒಡೆಯುತ್ತದೆ. ತಣ್ಣಗಿನ ಕೋಣೆಯಲ್ಲಿ ಸುಮಾರು ನಾಲ್ಕು ತಾಸಿನೊಳಗೆ ಪರೀಕ್ಷೆ ಆಗಬೇಕು, ತಡವಾಗುವುದಾದರೆ ಪ್ಲಾಸ್ಮಾ ಬೇರೆ ಮಾಡಿ ಫ್ರೀಜ್ ಮಾಡಬೇಕು. ಎನ್‌ಟಿ-ಪ್ರೊಬಿಎನ್‌ಪಿ ಗಟ್ಟಿ. ಸಾಮಾನ್ಯ ಸೀರಮ್ ಟ್ಯೂಬೂ ನಡೆಯುತ್ತದೆ, ಕೋಣೆಯ ತಾಪಮಾನದಲ್ಲಿ ಮೂರು ದಿನದವರೆಗೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆದರೆ ಪುಸ್ತಕದಲ್ಲಿ ಬರೆಯುವ ಕೋಣೆಯ ತಾಪಮಾನ ಅಂದರೆ 20-25 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಬಸ್ಸಿನ ಡ್ಯಾಶ್‌ಬೋರ್ಡ್ ಮೇಲಿನ ತಾಪಮಾನ ಅಲ್ಲ.

ಬಾದಾಮಿ ತಾಲೂಕಿನ ಹಳ್ಳಿಯ ಒಬ್ಬ ಅವ್ವನಿಗೆ ಹೀಗೇ ಆಗಿತ್ತು. ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದರು. ಐಸ್ ಇಲ್ಲದ ಡಬ್ಬಿಯಲ್ಲಿ ಕಳಿಸಿದರು. ಪರೀಕ್ಷೆ ಆಗಿದ್ದು ಸಂಜೆ. ಬಿಎನ್‌ಪಿ 62 ಬಂತು. ಸಂಖ್ಯೆ ನೋಡಿ ಉಬ್ಬಸದ ಔಷಧಿ ಕೊಟ್ಟು ಕಳಿಸಿದ್ದರು. ಮೂರನೆಯ ದಿನ ನನ್ನ ಹತ್ತಿರ ಬಂದಾಗ ಅವರಿಗೆ ಮಲಗಲಿಕ್ಕೇ ಆಗುತ್ತಿರಲಿಲ್ಲ, ಕುತ್ತಿಗೆಯ ನರ ಕಿವಿಯವರೆಗೂ ಉಬ್ಬಿತ್ತು. ಎನ್‌ಟಿ-ಪ್ರೊಬಿಎನ್‌ಪಿ 5,800. ಮೂರು ದಿನದಲ್ಲಿ ಕಾಯಿಲೆಯೂ ಬೆಳೆದಿರಬಹುದು, ಆದರೆ ಅಷ್ಟು ದಮ್ಮು ಇದ್ದಾಗ 62ನ್ನು ನಂಬಬಾರದಿತ್ತು.

ಹಾಗಾಗಿ ರಕ್ತ ತೆಗೆದ ಕಟ್ಟಡದಲ್ಲೇ ಮಷೀನ್ ಇದ್ದರೆ ಬಿಎನ್‌ಪಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಟ್ಯೂಬ್ ಬಸ್ ಹತ್ತುವುದಾದರೆ ಎನ್‌ಟಿ-ಪ್ರೊಬಿಎನ್‌ಪಿ ಬರೆಸಿಕೊಳ್ಳಿ. ಇದು ನನ್ನ ನೇರ ಸಲಹೆ.

ಇನ್ನೊಂದು ಕಾರಣವೂ ಇದೆ. ಬಿಎನ್‌ಪಿ ಕಿಟ್‌ಗಳು ಕಂಪನಿಯಿಂದ ಕಂಪನಿಗೆ ಬೇರೆ ಬೇರೆ ಸಂಖ್ಯೆ ಕೊಡುತ್ತವೆ. ಒಂದೇ ರಕ್ತ, ಎರಡು ಲ್ಯಾಬ್, ಎರಡು ಉತ್ತರ. ಎನ್‌ಟಿ-ಪ್ರೊಬಿಎನ್‌ಪಿಯಲ್ಲಿ ಆ ಅಂತರ ಕಡಿಮೆ. ಆದರೂ ಒಂದೇ ಲ್ಯಾಬಿನಲ್ಲಿ ಮಾಡಿಸುವುದು ಒಳ್ಳೆಯದು.

ಕಿಡ್ನಿ ತೊಂದರೆ ಇದ್ದವರಿಗೆ

ಇಲ್ಲಿ ಬಿಎನ್‌ಪಿಯ ಕೈ ಸ್ವಲ್ಪ ಮೇಲು. ಮೂತ್ರಪಿಂಡ ಸೋಸುವುದು ಕಡಿಮೆಯಾದರೆ ಎರಡೂ ಏರುತ್ತವೆ, ಎನ್‌ಟಿ-ಪ್ರೊಬಿಎನ್‌ಪಿ ಜಾಸ್ತಿ ಏರುತ್ತದೆ. ರಿಪೋರ್ಟ್‌ನಲ್ಲಿ eGFR ಎಂಬ ಸಾಲು ಇರುತ್ತದಲ್ಲ, ಅದು 60ಕ್ಕಿಂತ ಕೆಳಗಿದ್ದರೆ ಗಡಿಗಳನ್ನು ಮೇಲಕ್ಕೆ ಸರಿಸಿ ಓದಬೇಕು. ದಮ್ಮಿನಿಂದ ಬಂದವರಲ್ಲಿ ಬಿಎನ್‌ಪಿಗೆ 100ರ ಬದಲು 200, ಎನ್‌ಟಿ-ಪ್ರೊಬಿಎನ್‌ಪಿಗೆ 1,200ರ ಆಸುಪಾಸು ಇಟ್ಟುಕೊಂಡು ನೋಡುವುದು ರೂಢಿ. ಡಯಾಲಿಸಿಸ್ ಮೇಲಿರುವವರಲ್ಲಿ ಹೊಸದೇನೂ ಆಗದಿದ್ದರೂ ಸಾವಿರಗಟ್ಟಲೆ ಬರುತ್ತದೆ. ಅವರಿಗೆ ನಾನು ಗಡಿ ನೋಡುವುದನ್ನೇ ಬಿಟ್ಟು, ಅವರದ್ದೇ ಹಿಂದಿನ ಸಂಖ್ಯೆ ಜೊತೆ ಹೋಲಿಸುತ್ತೇನೆ.

ಆದರೆ ಕಿಡ್ನಿ ಕೆಟ್ಟವರ ದೊಡ್ಡ ಸಂಖ್ಯೆಯನ್ನು “ಅದು ಕಿಡ್ನಿಯಿಂದ” ಎಂದು ತಳ್ಳಿಹಾಕುವುದೂ ತಪ್ಪು. ಕಿಡ್ನಿ ಕೆಟ್ಟವರಿಗೆ ಹೃದಯದ ಗೋಡೆಯೂ ದಪ್ಪವಾಗಿರುತ್ತದೆ, ನೀರೂ ತುಂಬಿರುತ್ತದೆ. ಸಂಖ್ಯೆ ಏರಲು ಅದೂ ನಿಜವಾದ ಕಾರಣವೇ.

ದಪ್ಪ ಮೈಯವರಲ್ಲಿ ಸಂಖ್ಯೆ ಕೆಳಗೇ ಇರುತ್ತದೆ

ನನಗೆ ಹೆಚ್ಚು ಚಿಂತೆ ಇರುವುದು ಇವರ ಬಗ್ಗೆ. ಎತ್ತರ 152 ಸೆಂಟಿಮೀಟರ್, ತೂಕ 86 ಕಿಲೋ, ಬಿಪಿ, ಶುಗರ್ ಎರಡೂ ಇರುವ ಒಬ್ಬ ಅಕ್ಕನನ್ನು ನೆನೆಸಿಕೊಳ್ಳಿ. ಬಿಎಂಐ 37. ಎರಡು ಮೆಟ್ಟಿಲು ಹತ್ತಿದರೆ ದಮ್ಮು. ಬಿಎನ್‌ಪಿ 70 ಬಂದಿದೆ. 100ರ ಒಳಗಿದೆ, ಹಾಗಾಗಿ ರಿಪೋರ್ಟ್‌ನಲ್ಲಿ ‘H’ ಇಲ್ಲ. “ತೂಕ ಇಳಿಸಿ” ಎಂದು ಹೇಳಿ ಕಳಿಸುತ್ತಾರೆ.

ಬೊಜ್ಜು ಇದ್ದವರಲ್ಲಿ ಎರಡೂ ಸಂಖ್ಯೆ ಕಡಿಮೆ ಬರುತ್ತವೆ. ಕೊಬ್ಬಿನ ಜೀವಕೋಶಗಳ ಮೇಲೆ ಬಿಎನ್‌ಪಿಯನ್ನು ಹಿಡಿದು ಒಳಗೆಳೆಯುವ ರಿಸೆಪ್ಟರ್‌ಗಳಿವೆ ಎಂಬುದು ಒಂದು ಕಾರಣ. ಆದರೆ ಆ ರಿಸೆಪ್ಟರ್‌ಗೆ ಸಿಗದ ಎನ್‌ಟಿ-ಪ್ರೊಬಿಎನ್‌ಪಿಯೂ ಇವರಲ್ಲಿ ಕಡಿಮೆಯೇ. ಅಂದರೆ ಹೃದಯ ಬಿಡುಗಡೆ ಮಾಡುವುದೇ ಕಡಿಮೆ. ಹಾಗಾಗಿ ಇಲ್ಲಿ ಪರೀಕ್ಷೆ ಬದಲಿಸಿ ಲಾಭವಿಲ್ಲ, ಗಡಿ ಬದಲಿಸಬೇಕು. ಬಿಎಂಐ 35 ದಾಟಿದವರಲ್ಲಿ ಬಿಎನ್‌ಪಿಯ 100ರ ಗಡಿಯನ್ನು ಸುಮಾರು 50ಕ್ಕೆ ಇಳಿಸಿ ನೋಡುತ್ತೇವೆ. ಆ ಅಕ್ಕನ 70 ಆಗ ಸಂಶಯದ ಸಂಖ್ಯೆಯಾಗುತ್ತದೆ.

ಇದರ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ. ಇಂಥವರಲ್ಲಿ ಪಂಪಿಂಗ್ ಸರಿಯಿದ್ದು, ಹೃದಯ ಬಿರುಸಾಗಿ, ಸಡಿಲವಾಗಲು ಒಲ್ಲದೆ ಆಗುವ ಹಾರ್ಟ್ ಫೇಲ್ಯೂರ್ ಜಾಸ್ತಿ. ಆ ಬಗೆಯಲ್ಲಿ ಗೋಡೆ ದಪ್ಪಗಿದ್ದು ಕೋಣೆ ಚಿಕ್ಕದಿರುವುದರಿಂದ ಎಳೆತ ಕಡಿಮೆ, ಸಂಖ್ಯೆಯೂ ಕಡಿಮೆ. ಎಕೋ ಮಾಡಿದವರು “ಪಂಪಿಂಗ್ 60, ನಾರ್ಮಲ್” ಎಂದು ಬರೆದರೆ ಅಲ್ಲಿಗೇ ಬಿಡಬೇಡಿ. ಎಡಗಡೆಯ ಮೇಲಿನ ಕೋಣೆ ದೊಡ್ಡದಾಗಿದೆಯಾ, ತುಂಬಿಕೊಳ್ಳುವ ಒತ್ತಡ ಎಷ್ಟಿದೆ ಎಂದು ಕೇಳಿ.

ಯಾವುದು ಮಾಡಿಸಿದರೂ ದಾರಿ ತಪ್ಪಿಸುವ ಸಂದರ್ಭಗಳು

ನಾಡಿ ಲಯ ತಪ್ಪಿ ಬಡಿಯುವ ಏಟ್ರಿಯಲ್ ಫಿಬ್ರಿಲೇಶನ್ ಇದ್ದರೆ, ಹಾರ್ಟ್ ಫೇಲ್ಯೂರ್ ಇಲ್ಲದೆಯೂ ಎರಡೂ ಏರುತ್ತವೆ. ಎಷ್ಟು ಎನ್ನುವುದಕ್ಕೆ ಒಂದು ಅಂದಾಜು ಬೇಕೆಂದರೆ, ಎಂಪರರ್-ಪ್ರಿಸರ್ವ್ಡ್ ಎಂಬ ದೊಡ್ಡ ಅಧ್ಯಯನಕ್ಕೆ ರೋಗಿಗಳನ್ನು ಸೇರಿಸಿಕೊಳ್ಳುವಾಗ ನಾಡಿ ಸರಿಯಿದ್ದವರಿಗೆ ಎನ್‌ಟಿ-ಪ್ರೊಬಿಎನ್‌ಪಿ 300 ದಾಟಿದ್ದರೆ ಸಾಕಿತ್ತು, ಲಯ ತಪ್ಪಿದವರಿಗೆ 900 ದಾಟಬೇಕಿತ್ತು. ಮೂರು ಪಟ್ಟು.

ವರ್ಷಗಟ್ಟಲೆ ಒಲೆಯ ಹೊಗೆಯಲ್ಲಿ ರೊಟ್ಟಿ ಬಡಿದ ಹಿರಿಯ ಹೆಣ್ಣುಮಕ್ಕಳಲ್ಲಿ ಶ್ವಾಸಕೋಶ ಕೆಟ್ಟು, ಹೃದಯದ ಬಲಭಾಗದ ಮೇಲೆ ಭಾರ ಬೀಳುತ್ತದೆ. ಬಲಗೋಡೆ ಎಳೆದರೂ ಇವೇ ಚೂರುಗಳು ಬರುತ್ತವೆ. ಸಂಖ್ಯೆ ಎಡವೋ ಬಲವೋ ಹೇಳುವುದಿಲ್ಲ. ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋದಾಗಲೂ, ರಕ್ತದಲ್ಲಿ ಸೋಂಕು ಹರಡಿದಾಗಲೂ, ತೀರಾ ರಕ್ತಹೀನತೆ ಇದ್ದಾಗಲೂ ಏರುತ್ತದೆ.

ತಿರುಗಾಮುರುಗಾ ಆಗುವುದು ಮೈಟ್ರಲ್ ಕವಾಟ ಸಣ್ಣದಾದವರಲ್ಲಿ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದವರಲ್ಲಿ ಇದನ್ನು ನಾವು ಇನ್ನೂ ನೋಡುತ್ತೇವೆ. ಅಡ್ಡಿ ಇರುವುದು ಎಡಗಡೆಯ ಕೆಳಕೋಣೆಗಿಂತ ಮೇಲೆ. ನೀರು ಶ್ವಾಸಕೋಶಕ್ಕೆ ತುಂಬುತ್ತದೆ, ಕೆಳಕೋಣೆಯ ಮೇಲೆ ಒತ್ತಡವೇ ಬೀಳುವುದಿಲ್ಲ. ದಮ್ಮು ನೋಡಿದರೆ ಸಾವಿರಾರು ಬರಬೇಕು ಅನ್ನಿಸುತ್ತದೆ, ಬರುವುದು ಅದಕ್ಕಿಂತ ಎಷ್ಟೋ ಕಡಿಮೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅದರಲ್ಲೂ ಬಸುರಿ, ದಮ್ಮು ಎಂದು ಬಂದರೆ ನಾನು ಈ ಸಂಖ್ಯೆಗೆ ಕಾಯದೆ ಮೊದಲು ಎಕೋ ಮಾಡಿಸುತ್ತೇನೆ.

ಹೃದಯದ ಸುತ್ತಲಿನ ಚೀಲ ಗಟ್ಟಿಯಾದವರಲ್ಲೂ ಸಂಖ್ಯೆ ಹೀಗೇ ಕಡಿಮೆ ಬರುತ್ತದೆ. ದಿಢೀರನೆ ಶ್ವಾಸಕೋಶಕ್ಕೆ ನೀರು ತುಂಬಿ ಒಂದು ತಾಸಿನೊಳಗೆ ಆಸ್ಪತ್ರೆ ಮುಟ್ಟಿದವರಲ್ಲೂ ಅಷ್ಟೆ, ಸಂಖ್ಯೆ ಏರಲು ಇನ್ನೂ ಹೊತ್ತು ಆಗಿರುವುದಿಲ್ಲ.

ಮತ್ತೆ ಮಾಡಿಸಿದಾಗ ಎಷ್ಟು ಬದಲಾದರೆ ಲೆಕ್ಕ?

ಯಾವ ತೊಂದರೆ ಇಲ್ಲದಿದ್ದರೂ ಈ ಸಂಖ್ಯೆಗಳು ದಿನದಿಂದ ದಿನಕ್ಕೆ ಅಲ್ಲಾಡುತ್ತವೆ. 1,450 ಇದ್ದದ್ದು 1,600 ಆದರೆ ಅದಕ್ಕೆ ಅರ್ಥ ಹುಡುಕಬೇಡಿ. ನೂರಕ್ಕೆ 30ಕ್ಕಿಂತ ಜಾಸ್ತಿ ಏರಿದರೆ ಅಥವಾ ಇಳಿದರೆ ಮಾತ್ರ ನಾನು ಅದನ್ನು ನಿಜವಾದ ಬದಲಾವಣೆ ಎಂದು ನೋಡುತ್ತೇನೆ. ಆಸ್ಪತ್ರೆಯಿಂದ ಮನೆಗೆ ಹೋಗುವಷ್ಟರಲ್ಲಿ ಅಷ್ಟು ಇಳಿದರೆ ಒಳ್ಳೆಯ ಸೂಚನೆ. ಇದು ಅಗ್ಗದ ಪರೀಕ್ಷೆಯಲ್ಲ, ತಿಂಗಳಿಗೊಮ್ಮೆ ಬೇಕಾಗುವುದೂ ಇಲ್ಲ. ದಿನಾ ಬೆಳಿಗ್ಗೆ ಶೌಚ ಆದ ಮೇಲೆ, ಚಹಾ ಕುಡಿಯುವ ಮುಂಚೆ ತೂಕ ನೋಡಿ ಬರೆದಿಡಿ. ಎರಡು-ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಯಾವ ರಿಪೋರ್ಟ್‌ಗೂ ಕಾಯದೆ ಬನ್ನಿ.

ಕಾಕಾನಿಗೆ ಅವತ್ತೇ ಬಿಪಿ, ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿ ಗುಳಿಗೆ ಮತ್ತೆ ಶುರು ಮಾಡಿದೆ. ಲ್ಯಾಬಿನ ಚೀಟಿಯಲ್ಲಿ ‘NT-proBNP’ ಎಂದು ಪೂರ್ತಿ ಬರೆದು, ಕೆಳಗೆ ಗುಳಿಗೆಯ ಹೆಸರನ್ನೂ ಬರೆದುಕೊಟ್ಟೆ. ಮೂರು ತಿಂಗಳ ಮೇಲೆ ಅದೇ ಲ್ಯಾಬಿನಲ್ಲಿ 980 ಬಂತು. ಮಗ ಈಗ ಒಂದು ಡೈರಿ ಇಟ್ಟಿದ್ದಾನೆ. ಅದರಲ್ಲಿ ಬಿಎನ್‌ಪಿಯ 420, 610 ಎರಡರ ಮೇಲೂ ಗೀಟು ಹೊಡೆದು, ಕೆಳಗೆ ಹೊಸ ಸಾಲು ಶುರು ಮಾಡಿದ್ದಾನೆ: 3,150, 1,450, 980. ಪಕ್ಕದ ಕಾಲಮ್ಮಿನಲ್ಲಿ ಅಪ್ಪನ ತೂಕ.